ಮೂರನೇ ಒಂದು ಓಮ್

ವಿದ್ಯಾರ್ಥಿಗಳೇ, ನಮಸ್ಕಾರ. ಕೈಗೆ ಸಿಗುವಂತಿದ್ದರೆ ಕಾಗದ, ಪೆನ್ನು ಹಿಡಿದುಕೊಳ್ಳಿ. ಇವತ್ತು ಒಂದೇ ಒಂದು ಲೆಕ್ಕದ ಬಗ್ಗೆ ಮಾತನಾಡುತ್ತೇನೆ.

4 ಓಮ್ ಮತ್ತು 12 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೊಟ್ಟಿದ್ದೆವು. ಅಕ್ಕಪಕ್ಕ ಕುಳಿತ ಇಬ್ಬರ ಉತ್ತರವೂ ಮೂರನೇ ಒಂದು ಓಮ್. ನಾಲ್ಕನೇ ಒಂದಕ್ಕೆ ಹನ್ನೆರಡನೇ ಒಂದನ್ನು ಕೂಡಿದರೆ ಮೂರನೇ ಒಂದು ಬರುವುದು ನಿಜ. ಆದರೆ ಅದು ರೋಧದ ವ್ಯುತ್ಕ್ರಮ. ಅದನ್ನು ತಿರುಗಿಸಿದಾಗ ಸಿಗುವ 3 ಓಮ್ ಸರಿಯಾದ ಉತ್ತರ. ಒಬ್ಬ ತಿರುಗಿಸಲು ಮರೆತಿದ್ದ. ಇನ್ನೊಬ್ಬ ಆ ಮರೆವನ್ನೂ ನಕಲು ಮಾಡಿದ್ದ. ಮೊದಲನೆಯವನು ಸೂತ್ರ, ಬೆಲೆ, ಕೂಡಿದ ಕ್ರಮ ಎಲ್ಲವನ್ನೂ ಬರೆದಿದ್ದರಿಂದ ಆ ಹಂತಗಳಿಗೆ ಅಂಕ ಸಿಕ್ಕಿತು. ಎರಡನೆಯವನ ಹಾಳೆಯಲ್ಲಿ ಕೊನೆಯ ಸಾಲು ಮಾತ್ರ ಇತ್ತು. ಯಾವುದಕ್ಕೆ ಅಂಕ ಕೊಡುವುದು?

ಎರಡನೆಯವನನ್ನು ನನ್ನ ಕೊಠಡಿಗೆ ಕರೆಸಿದೆ. ಬೈಯಲಿಲ್ಲ. (ಬೈಯುವ ಮನಸ್ಸಿತ್ತು, ಸುಳ್ಳು ಹೇಳಲಾರೆ.) ‘4 ಓಮ್‌ನ ರೋಧಕ ಒಂದೇ ಇದ್ದಾಗ ವಿದ್ಯುತ್ತಿಗೆ ಒಂದು ದಾರಿ. ಪಕ್ಕದಲ್ಲಿ ಇನ್ನೊಂದು ದಾರಿ ತೆರೆದರೆ ಹರಿಯುವುದು ಸುಲಭವೋ ಕಷ್ಟವೋ?’ ಎಂದು ಕೇಳಿದೆ. ‘ಸುಲಭ’ ಎಂದ. ಹಾಗಾದರೆ ಒಟ್ಟು ರೋಧ ನಾಲ್ಕಕ್ಕಿಂತ ಕಡಿಮೆ ಇರಲೇಬೇಕು. ಎರಡನೆಯ ದಾರಿಯೂ 4 ಓಮ್‌ನದೇ ಆಗಿದ್ದರೆ ಒಟ್ಟು ರೋಧ ಅದರ ಅರ್ಧ, ಅಂದರೆ 2 ಓಮ್. ಇಲ್ಲಿರುವುದು ಅದಕ್ಕಿಂತ ಕಷ್ಟದ ದಾರಿ, 12 ಓಮ್. ಆದ್ದರಿಂದ ಉತ್ತರ ಎರಡಕ್ಕಿಂತ ಹೆಚ್ಚು, ನಾಲ್ಕಕ್ಕಿಂತ ಕಡಿಮೆ. ಹುಡುಗ ತನ್ನ ಮೂರನೇ ಒಂದನ್ನು ನೋಡಿದ. ತಪ್ಪೆಂದು ನಾನು ಹೇಳಬೇಕಾಗಲಿಲ್ಲ.

ಮನೆಯಲ್ಲಿ ಬಿಡಿಸಿದ ಲೆಕ್ಕಗಳನ್ನು ಓದುತ್ತೀರಲ್ಲ, ಅಲ್ಲೂ ಇದೇ ಮೋಸ ನಡೆಯುತ್ತದೆ, ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಪುಸ್ತಕ ತೆರೆದಿರುವಾಗ ಪ್ರತಿ ಸಾಲೂ ಗೊತ್ತಿರುವಂತೆಯೇ ಕಾಣುತ್ತದೆ. ಕಂಡದ್ದನ್ನು ಗುರುತಿಸುವುದೇ ಬೇರೆ, ಕಾಣದಿರುವಾಗ ನೆನಪಿನಿಂದ ಬರೆಯುವುದೇ ಬೇರೆ. ಹಾಗಾಗಿ ಪುಸ್ತಕ ಮುಚ್ಚಿ ಬರೆಯಿರಿ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯಿರಿ, ಅಷ್ಟನ್ನೇ ಮತ್ತೆ ಓದಿ. ಮರುದಿನ ಸಂಖ್ಯೆ ಬದಲಿಸಿ ಅದೇ ಲೆಕ್ಕ ಮಾಡಿ. ಹಳೆಯ ಉತ್ತರವನ್ನೇ ಕೈ ಬರೆದುಬಿಟ್ಟರೆ ನೀವು ಕಲಿತದ್ದು ಲೆಕ್ಕವನ್ನಲ್ಲ, ಆ ಉತ್ತರವನ್ನು. ವ್ಯಾಖ್ಯೆ, ಹೆಸರುಗಳನ್ನು ಬಾಯಿಪಾಠ ಮಾಡಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಎರಡು ದಿನ ಬಿಟ್ಟು ಆ ಹುಡುಗ ತಾನೇ ಹೊಸೆದ ಲೆಕ್ಕವೊಂದನ್ನು ತಂದ: 5 ಓಮ್, 20 ಓಮ್. ಉತ್ತರ 4 ಓಮ್ ಎಂದು ಬರೆದಿದ್ದ. ಪಕ್ಕದಲ್ಲಿ ಪೆನ್ಸಿಲಿನಿಂದ, ‘ಎರಡೂವರೆಗೂ ಐದಕ್ಕೂ ನಡುವೆ ಇದೆ, ಸರಿ’ ಎಂಬ ಟಿಪ್ಪಣಿಯೂ ಇತ್ತು.