ಖಾಲಿ ಓಡಿದ ಕಿಲೋಮೀಟರುಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮೂರು ಸಣ್ಣ ಸರಕು ಲಾರಿಗಳನ್ನು ಕೊಂಡು ಸಾಗಣೆ ವ್ಯವಹಾರ ಆರಂಭಿಸಲು ಹೊರಟ ಪರಿಚಿತರೊಬ್ಬರು ತಮ್ಮ ಯೋಜನಾ ವರದಿಯನ್ನು ಒಮ್ಮೆ ನೋಡಿಕೊಡಿ ಎಂದು ಈಚೆಗೆ ನನ್ನ ಕೈಗಿತ್ತರು. ಕೂಡುವ ಕಳೆಯುವ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಆದರೆ ಇಡೀ ವರದಿ ನಿಂತಿದ್ದದ್ದು ಒಂದೇ ಒಂದು ಸಾಲಿನ ಮೇಲೆ. ಪ್ರತಿ ಲಾರಿ ತಿಂಗಳಿಗೆ 26 ದಿನ, ದಿನಕ್ಕೆ 180 ಕಿಲೋಮೀಟರಿನಂತೆ, ಒಟ್ಟು 4680 ಕಿಲೋಮೀಟರ್ ಓಡುತ್ತದೆ ಎಂಬುದೇ ಆ ಸಾಲು. ಅಷ್ಟೂ ಕಿಲೋಮೀಟರಿಗೆ ಬಾಡಿಗೆ ಬರುತ್ತದೆ ಎಂದೂ, ತಯಾರಕರು ಹೇಳಿದ ಹಾಗೆ ಲೀಟರಿಗೆ 11 ಕಿಲೋಮೀಟರ್ ಮೈಲೇಜು ಸಿಗುತ್ತದೆ ಎಂದೂ, ರಿಪೇರಿಗೆ ಆದಾಯದ ಇಷ್ಟು ಪಾಲು ಎಂದೂ ಮುಂದಿನ ಸಾಲುಗಳು ಹೇಳುತ್ತಿದ್ದವು. ಈ ನಾಲ್ಕೈದು ಸಾಲುಗಳನ್ನು ಬಿಡಿಸಿ ನೋಡಿದರೆ ಏನಾಗುತ್ತದೆ ಎಂಬುದನ್ನು ಒಂದೇ ಲಾರಿಯ ಲೆಕ್ಕ ಹಿಡಿದು ಈ ಹೊತ್ತು ಹೇಳುತ್ತೇನೆ.

ಮೊದಲು ದಿನಗಳ ಮಾತು. ವಾರಕ್ಕೊಂದು ರಜೆ ಕಳೆದರೆ ತಿಂಗಳಿಗೆ 26 ದಿನ ಉಳಿಯುವುದು ನಿಜ. ಆದರೆ ಅವು ಲಾರಿ ಲಭ್ಯವಿರಬಹುದಾದ ದಿನಗಳೇ ಹೊರತು ಓಡುವ ದಿನಗಳಲ್ಲ. ಸರ್ವೀಸಿಗೆ, ಸಣ್ಣಪುಟ್ಟ ರಿಪೇರಿಗೆ ಒಂದು ದಿನ ಹೋಗುತ್ತದೆ. ಚಾಲಕನ ಜ್ವರಕ್ಕೋ ಮನೆಯ ಕಾರ್ಯಕ್ಕೋ ಇನ್ನೊಂದು ದಿನ ಹೋಗುತ್ತದೆ. ಲಾರಿಯೂ ಸರಿಯಿದ್ದು ಚಾಲಕನೂ ಬಂದಿದ್ದು ಲೋಡೇ ಸಿಗದ ದಿನಗಳು ಮೂರು ನಾಲ್ಕಾದರೂ ಇರುತ್ತವೆ. ಹೊಸದಾಗಿ ವ್ಯವಹಾರಕ್ಕೆ ಇಳಿದವರಿಗೆ ಇನ್ನೂ ಹೆಚ್ಚು. ಹಾಗಾಗಿ ಅವರೊಡನೆ ಕುಳಿತು ನಾವು ಒಪ್ಪಿಕೊಂಡ ಸಂಖ್ಯೆ 20. ಇದು ನಿರಾಶೆಯ ಸಂಖ್ಯೆ ಎಂದು ಅವರಿಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ.

ಇನ್ನು ದಿನಕ್ಕೆ ಎಷ್ಟು ದೂರ ಎಂಬುದು. ಇದನ್ನು ತೀರ್ಮಾನಿಸುವುದು ಎಂಜಿನ್ನಿನ ಶಕ್ತಿಯಲ್ಲ, ಗಡಿಯಾರ. ಅವರ ಸರಕು ಹೋಗಬೇಕಾದ ಊರು 90 ಕಿಲೋಮೀಟರ್ ದೂರದಲ್ಲಿತ್ತು. ಲೋಡು ತುಂಬಲು ಎರಡು ಗಂಟೆ, ಗಂಟೆಗೆ ಸರಾಸರಿ 30 ಕಿಲೋಮೀಟರಿನಂತೆ ಹೋಗಲು ಮೂರು ಗಂಟೆ, ಇಳಿಸಲು ಒಂದೂವರೆ ಗಂಟೆ, ಹಿಂದಿರುಗಲು ಮತ್ತೆ ಮೂರು ಗಂಟೆ. ಒಟ್ಟು ಒಂಬತ್ತೂವರೆ ಗಂಟೆಯಾದ ಮೇಲೆ ಎರಡನೆಯ ಟ್ರಿಪ್ಪಿಗೆ ಜಾಗವಿಲ್ಲ. ಹೋಗಿಬರುವ 180 ಕಿಲೋಮೀಟರಿನ ಜೊತೆಗೆ, ಬೆಳಿಗ್ಗೆ ಲಾರಿ ನಿಲ್ಲಿಸಿದ ಜಾಗದಿಂದ ಲೋಡು ತುಂಬುವ ಗೋದಾಮಿಗೂ ಸಂಜೆ ಅಲ್ಲಿಂದ ವಾಪಸು ನಿಲ್ಲಿಸುವ ಜಾಗಕ್ಕೂ ಹತ್ತು ಹತ್ತು ಕಿಲೋಮೀಟರ್ ಸೇರುತ್ತದೆ. ವರದಿಯಲ್ಲಿ ಈ 20 ಕಿಲೋಮೀಟರ್ ಎಲ್ಲಿಯೂ ಇರಲಿಲ್ಲ. ಸೇರಿಸಿದರೆ ದಿನಕ್ಕೆ 200, ತಿಂಗಳಿಗೆ 4000 ಕಿಲೋಮೀಟರ್ ಆಗುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಈ 4000ದಲ್ಲಿ ಬಾಡಿಗೆ ಹುಟ್ಟುವುದು ಎಷ್ಟರಲ್ಲಿ? ಹೋಗುವ ದಾರಿ 20 ದಿನವೂ ಲೋಡಿನೊಂದಿಗೆ ಎಂದುಕೊಂಡರೆ 1800 ಕಿಲೋಮೀಟರ್. ವಾಪಸು ಲೋಡು 20ರಲ್ಲಿ 8 ದಿನ ಸಿಕ್ಕರೆ ಇನ್ನೊಂದು 720. ಒಟ್ಟು 2520 ಕಿಲೋಮೀಟರ್ ಸಂಪಾದನೆಯದು, ಉಳಿದ 1480 ಖಾಲಿ ಓಟ. ವರದಿ ನಂಬಿದ್ದ 4680 ಕಿಲೋಮೀಟರಿನ ಅರ್ಧಕ್ಕಿಂತ ಈ 2520 ಸ್ವಲ್ಪ ಹೆಚ್ಚು, ಅಷ್ಟೆ. ಲಾರಿ ಪ್ರತಿದಿನ ಓಡುತ್ತಿರುವುದು ಕಣ್ಣಿಗೆ ಕಾಣುತ್ತಿರುತ್ತದೆಯಾದ್ದರಿಂದ ಮಾಲೀಕನಿಗೆ ಈ ಅಂತರ ಬೇಗನೆ ಹೊಳೆಯುವುದಿಲ್ಲ.

ಇಂಧನದ ಲೆಕ್ಕಕ್ಕೆ ಬಂದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಈ ಬಗೆಯ ಲಾರಿ ಲೋಡಿನಲ್ಲಿ ಲೀಟರಿಗೆ 8 ಕಿಲೋಮೀಟರ್, ಖಾಲಿ ಇದ್ದಾಗ 11 ಕಿಲೋಮೀಟರ್ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. 2520ನ್ನು 8ರಿಂದ ಭಾಗಿಸಿದರೆ 315 ಲೀಟರ್, 1480ನ್ನು 11ರಿಂದ ಭಾಗಿಸಿದರೆ ಸುಮಾರು 135 ಲೀಟರ್. ಲೋಡು ಏರಿಸಿ ಇಳಿಸುವಾಗ, ಸರದಿಯಲ್ಲಿ ಕಾಯುವಾಗ ಎಂಜಿನ್ ಸುಮ್ಮನೆ ಉರಿಯುವುದಕ್ಕೆ ತಿಂಗಳಿಗೆ 10 ಲೀಟರ್ ಇಟ್ಟರೆ ಒಟ್ಟು 460 ಲೀಟರ್. ಮೂಲ ವರದಿಯಲ್ಲಿದ್ದದ್ದು 425 ಲೀಟರ್. ಒಟ್ಟು ಮೊತ್ತದಲ್ಲಿ ವ್ಯತ್ಯಾಸ ದೊಡ್ಡದೇನಲ್ಲ ಎನ್ನಿಸುವುದು ಸಹಜ, ಮೋಸ ಹೋಗುವುದೂ ಅಲ್ಲಿಯೇ. ದಿನಗಳನ್ನು ಹೆಚ್ಚಾಗಿ ಹಿಡಿದ ತಪ್ಪು ಮತ್ತು ಮೈಲೇಜನ್ನು ಹೆಚ್ಚಾಗಿ ಹಿಡಿದ ತಪ್ಪು ಒಂದನ್ನೊಂದು ಮುಚ್ಚಿಕೊಂಡಿವೆ. ಬಾಡಿಗೆ ಬರುವ ಕಿಲೋಮೀಟರಿಗೆ ತಾಳೆ ನೋಡಿದಾಗ ಬಣ್ಣ ಬಯಲಾಗುತ್ತದೆ. ವರದಿಯ ಪ್ರಕಾರ ಒಂದು ಲೀಟರಿಗೆ ಸಂಪಾದನೆಯ 11 ಕಿಲೋಮೀಟರ್ ಸಿಗಬೇಕಿತ್ತು, ಸಿಗುವುದು ಐದೂವರೆ. ಬಾಡಿಗೆ ದರ ನಿಗದಿ ಮಾಡುವಾಗ ಇಟ್ಟುಕೊಳ್ಳಬೇಕಾದ ಮೈಲೇಜು ಈ ಐದೂವರೆಯೇ.

8 ಮತ್ತು 11ರ ಸರಾಸರಿ ಒಂಬತ್ತೂವರೆ ಎಂದು ಹಿಡಿದು 4000ವನ್ನು ಭಾಗಿಸುವವರೂ ಇದ್ದಾರೆ. ಹಾಗೆ ಮಾಡಿದರೆ 421 ಲೀಟರ್ ಬರುತ್ತದೆ; ನಿಂತು ಉರಿದದ್ದನ್ನು ಬಿಟ್ಟರೂ ಬೇಕಾಗುವುದು 450. ಲೋಡಿನ ಕಿಲೋಮೀಟರು ಖಾಲಿಯದಕ್ಕಿಂತ ಹೆಚ್ಚಿರುವಾಗ ನಡುವಿನ ಸಂಖ್ಯೆ ಯಾವಾಗಲೂ ಕಡಿಮೆ ಇಂಧನವನ್ನೇ ತೋರಿಸುತ್ತದೆ. ಹಾಗಾಗಿ ಎರಡನ್ನೂ ಬೇರೆಬೇರೆ ಭಾಗಿಸಿ ಆಮೇಲೆ ಕೂಡಬೇಕು.

ಈ 8 ಮತ್ತು 11 ಎಲ್ಲಿಂದ ಬರಬೇಕು? ಹೊಸಬರಾದರೆ ಅದೇ ಮಾದರಿಯ ಲಾರಿಯನ್ನು ಅದೇ ಬಗೆಯ ರಸ್ತೆಯಲ್ಲಿ ಓಡಿಸುತ್ತಿರುವವರ ಟ್ರಿಪ್ ಶೀಟಿನಿಂದ. ಲಾರಿ ಬಂದ ಮೇಲೆ ಸ್ವಂತ ಅಳತೆಯಿಂದ. ಟ್ಯಾಂಕು ಪೂರ್ತಿ ತುಂಬಿಸಿ, ಮೀಟರ್ ಬರೆದುಕೊಂಡು, ಮತ್ತೆ ಪೂರ್ತಿ ತುಂಬಿಸಿದಾಗ ಹೋದ ಲೀಟರನ್ನು ಅಷ್ಟರಲ್ಲಿ ಓಡಿದ ದೂರದೊಂದಿಗೆ ಹೊಂದಿಸಬೇಕು. ಒಂದೇ ಸಲದ ಅಳತೆಯನ್ನು ನಂಬಬಾರದು. ಪಂಪಿನ ನಾಜಲ್ ಒಂದೊಂದು ಸಲ ಒಂದೊಂದು ಮಟ್ಟದಲ್ಲಿ ನಿಲ್ಲುತ್ತದೆ, ಲಾರಿ ನಿಂತ ನೆಲ ಓರೆಯಾಗಿದ್ದರೂ ಮೂರು ನಾಲ್ಕು ಲೀಟರ್ ಹೆಚ್ಚುಕಡಿಮೆ ಆಗುತ್ತದೆ. ನಾಲ್ಕೈದು ಸಲ ತುಂಬಿಸಿದ್ದನ್ನು ಒಟ್ಟುಗೂಡಿಸಿದಾಗ ಈ ಏರುಪೇರು ಕರಗುತ್ತದೆ.

ಅವರು ಕೇಳಿದ ಒಂದು ಪ್ರಶ್ನೆ ಚೆನ್ನಾಗಿತ್ತು. ವಾಪಸು ಲೋಡು 8ರ ಬದಲು 12 ದಿನ ಸಿಕ್ಕರೆ? ಆಗ ಖಾಲಿ ಓಟದ 360 ಕಿಲೋಮೀಟರ್ ಸಂಪಾದನೆಯ ಓಟವಾಗುತ್ತದೆ. ಅದಕ್ಕೆ ಹೆಚ್ಚಾಗಿ ಬೇಕಾಗುವ ಇಂಧನ ಸುಮಾರು 12 ಲೀಟರ್ ಮಾತ್ರ, ಏಕೆಂದರೆ ಲಾರಿ ಹೇಗಿದ್ದರೂ ಆ ದಾರಿಯಲ್ಲಿ ಬರಲೇಬೇಕಿತ್ತು. ಯೋಜನೆಯಲ್ಲಿ ಇಷ್ಟು ಅಗ್ಗವಾಗಿ ಸಿಗುವ ಆದಾಯ ಇನ್ನೊಂದಿಲ್ಲ. ಆದರೆ ವಾಪಸು ಬಾಡಿಗೆಯನ್ನು ಹೋಗುವ ಬಾಡಿಗೆಯಷ್ಟೇ ದರದಲ್ಲಿ ಬರೆದುಕೊಳ್ಳಬಾರದು. ಲಾರಿ ಹೇಗೂ ಖಾಲಿ ಹೋಗುತ್ತದೆಂದು ಸರಕಿನವರಿಗೂ ಗೊತ್ತಿರುವುದರಿಂದ ಅವರು ದರ ಇಳಿಸಿಯೇ ಮಾತಾಡುತ್ತಾರೆ. ಇನ್ನೊಂದು ಮಾತೂ ಉಂಟು. ವಾಪಸು ಲೋಡಿಗಾಗಿ ಸಂಜೆಯವರೆಗೆ ಕಾದು ರಾತ್ರಿ ಅಲ್ಲೇ ಉಳಿದರೆ ಮರುದಿನದ ಹೋಗುವ ಟ್ರಿಪ್ಪು ತಪ್ಪುತ್ತದೆ. 90 ಕಿಲೋಮೀಟರಿನ ಕಡಿಮೆ ದರದ ಬಾಡಿಗೆಗಾಗಿ 90 ಕಿಲೋಮೀಟರಿನ ಪೂರ್ತಿ ಬಾಡಿಗೆಯನ್ನು ಕೈಬಿಟ್ಟಂತಾಗುತ್ತದೆ. ಇಷ್ಟು ಹೊತ್ತಿನವರೆಗೆ ಮಾತ್ರ ಕಾಯಬೇಕು ಎಂಬ ಗಡುವು ಚಾಲಕನಿಗೆ ಮೊದಲೇ ಗೊತ್ತಿರಬೇಕು.

ನಿರ್ವಹಣೆಯ ವಿಷಯದಲ್ಲಿ ಆದಾಯದ ಇಷ್ಟು ಪಾಲು ಎಂದು ಬರೆಯುವುದು ಅನುಕೂಲದ ಮಾತು, ಲೆಕ್ಕದ ಮಾತಲ್ಲ. ಟೈರು ಸವೆಯುವುದು ಓಡಿದ ದೂರಕ್ಕೆ, ಬಂದ ಬಾಡಿಗೆಗಲ್ಲ. ಖಾಲಿ ಓಡಿದರೂ ಸವೆಯುತ್ತದೆ. ಒಂದು ಸೆಟ್ಟು 50,000 ಕಿಲೋಮೀಟರ್ ಬಾಳುತ್ತದೆ ಎಂದು ಹಿಡಿದರೆ ತಿಂಗಳಿಗೆ 4000ದಂತೆ ಹನ್ನೆರಡೂವರೆ ತಿಂಗಳಲ್ಲಿ ಅದು ಮುಗಿಯುತ್ತದೆ. ಮೊದಲ ವರ್ಷದ ಪಟ್ಟಿಯಲ್ಲಿ ಟೈರಿನ ಖರ್ಚೇ ಕಾಣುವುದಿಲ್ಲ, ಲಾಭ ಸೊಗಸಾಗಿ ಕಾಣುತ್ತದೆ. ಮೂರು ಲಾರಿಗಳೂ ಒಂದೇ ತಿಂಗಳಲ್ಲಿ ಬರುವುದರಿಂದ ಹದಿಮೂರನೆಯ ತಿಂಗಳಲ್ಲಿ, ಲಾರಿಗೆ ಆರರಂತೆ, 18 ಟೈರು ಒಟ್ಟಿಗೆ ಬಾಯಿ ತೆರೆಯುತ್ತವೆ. ಇದಕ್ಕೆ ಪರಿಹಾರ ಸರಳ. ಆರು ಟೈರಿಗೆ 50,000 ಕಿಲೋಮೀಟರ್ ಎಂದರೆ 4000 ಕಿಲೋಮೀಟರಿಗೆ ಹೆಚ್ಚುಕಡಿಮೆ ಅರ್ಧ ಟೈರು. ಪ್ರತಿ ತಿಂಗಳು ಪ್ರತಿ ಲಾರಿಯ ಲೆಕ್ಕದಲ್ಲಿ ಅರ್ಧ ಟೈರಿನ ಬೆಲೆಯನ್ನು, ಆ ತಿಂಗಳು ಏನೂ ಕೊಳ್ಳದಿದ್ದರೂ, ಬೇರೆ ತೆಗೆದಿಡಬೇಕು. ಕ್ಲಚ್ ಪ್ಲೇಟಿಗೂ ಬ್ರೇಕ್ ಲೈನಿಂಗಿಗೂ ಹೀಗೆಯೇ ಕಿಲೋಮೀಟರಿನ ಮೇಲೆ. ಬ್ಯಾಟರಿ ಮಾತ್ರ ಓಡಿದರೂ ನಿಂತರೂ ವಯಸ್ಸಾಗುವ ವಸ್ತು, ಅದಕ್ಕೆ ತಿಂಗಳ ಲೆಕ್ಕ. ಹಣ ಸಾಲದೆ ಹಿಂದಿನ ಜೋಡಿ ಚಕ್ರದಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿ ನೂಕಿದರೆ, ಸುತ್ತಳತೆ ದೊಡ್ಡದಿರುವ ಹೊಸ ಟೈರು ಭಾರವನ್ನೆಲ್ಲ ಹೊತ್ತು ಬಿಸಿಯಾಗಿ ಬೇಗ ಹಾಳಾಗುತ್ತದೆ, ಲೆಕ್ಕದ 50,000ವೂ ಅದರೊಂದಿಗೆ ಹೋಗುತ್ತದೆ.

ಇಲ್ಲಿಂದ ಮಾತು ಮತ್ತೆ ಮೊದಲಿನ ದಿನಗಳಿಗೇ ತಿರುಗುತ್ತದೆ. ಲಾರಿಗೆ ವಯಸ್ಸಾದಂತೆ ಗ್ಯಾರೇಜಿನ ದಿನಗಳು ಹೆಚ್ಚುತ್ತವೆ. ತಿಂಗಳಿಗೆ ಒಂದಿದ್ದದ್ದು ಮೂರನೆಯ ವರ್ಷದಲ್ಲಿ ಮೂರಾದರೆ ಓಡುವ ದಿನ 18ಕ್ಕೆ ಇಳಿಯುತ್ತದೆ, ಸಂಪಾದನೆಯ ಓಟ 2520ರಿಂದ 2268ಕ್ಕೆ. ಅದೇ ವರ್ಷದಲ್ಲಿ ಅವರ ವರದಿ ಟ್ರಿಪ್ಪುಗಳು ನೂರಕ್ಕೆ ಹತ್ತರಂತೆ ಏರುವುದನ್ನು ತೋರಿಸುತ್ತಿತ್ತು. ರಿಪೇರಿಯ ಖರ್ಚನ್ನು ಏರಿಸಿ ಬರೆದವರೂ ರಿಪೇರಿಯಿಂದ ಹೋಗುವ ದಿನಗಳನ್ನು ಕಳೆಯಲು ಮರೆಯುತ್ತಾರೆ. ಸಾಲದ ಕಂತಿಗಂತೂ ಗ್ಯಾರೇಜಿನ ರಜೆ ಇಲ್ಲ.

ಲಾರಿಗಳು ಓಡಲು ಶುರುವಾದ ಮೇಲೆ ಈ ಅಂದಾಜುಗಳನ್ನು ಪರೀಕ್ಷಿಸಲು ಟ್ರಿಪ್ ಶೀಟಿನಲ್ಲಿ ಒಂದೇ ಒಂದು ಕಲಂ ಹೆಚ್ಚಿಗೆ ಇದ್ದರೆ ಸಾಕು, ಲೋಡೋ ಖಾಲಿಯೋ ಎಂಬುದು. ಬರೀ ಒಟ್ಟು ಮೈಲೇಜು ನೋಡುವವರು ಅದು ಇಳಿದ ಕೂಡಲೇ ಚಾಲಕನನ್ನು ಅನುಮಾನಿಸುತ್ತಾರೆ. ಆ ತಿಂಗಳು ವಾಪಸು ಲೋಡು ಹೆಚ್ಚು ಸಿಕ್ಕಿದ್ದರೂ ಒಟ್ಟು ಮೈಲೇಜು ಇಳಿಯುತ್ತದೆ, ಅದು ಸಂತೋಷದ ಸುದ್ದಿ. ಲೋಡಿನ ಕಿಲೋಮೀಟರನ್ನು 8ರಿಂದಲೂ ಖಾಲಿಯದನ್ನು 11ರಿಂದಲೂ ಭಾಗಿಸಿ ಬರುವ ಲೀಟರಿಗೆ ಕಾಯುವಾಗಿನ ಹತ್ತನ್ನು ಸೇರಿಸಿ, ನಿಜವಾಗಿ ಹಾಕಿಸಿದ ಲೀಟರಿನೊಂದಿಗೆ ಹೋಲಿಸಬೇಕು. 460 ಬೇಕಿದ್ದಲ್ಲಿ 465 ಹೋಗಿದ್ದರೆ ಸುಮ್ಮನಿರಬಹುದು. 495 ಹೋಗಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರು, ಬ್ರೇಕು ಮೂರನ್ನೂ ಆ ದಿನವೇ ನೋಡಿಸಬೇಕು. ಲಾರಿ ಬಂದು ನಿಂತ ಕೂಡಲೇ ಎಲ್ಲ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದಾಗ ಒಂದರಿಂದ ಮಾತ್ರ ಝಳ ಹೊಡೆಯುತ್ತಿದ್ದರೆ, ಆ ಚಕ್ರದ ಬ್ರೇಕು ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಇದ್ಯಾವುದೂ ಅಲ್ಲವೆಂದು ಖಾತ್ರಿಯಾದ ಮೇಲೆ ಇಂಧನದ ಬಿಲ್ಲುಗಳನ್ನು ತೆಗೆದುಕೊಂಡು ಚಾಲಕನೊಂದಿಗೆ ಕೂರಬಹುದು. ನಮಸ್ಕಾರ.