ಗ್ಲಾಸ್ ಹಾಕಿಸಿದ ಮೇಲೆ ಬೆರಳಚ್ಚು ಯಾಕೆ ಹಿಡಿಯುವುದಿಲ್ಲ?

ಕೇಳುಗರೇ, ನಮಸ್ಕಾರ. ಹೊಸ ಫೋನ್ ತಗೊಂಡವರು ಅಂಗಡಿ ಬಿಡುವ ಮುಂಚೆಯೇ ಟೆಂಪರ್ಡ್ ಗ್ಲಾಸ್ ಹಾಕಿಸುತ್ತಾರೆ. ಮನೆಗೆ ಬಂದು ಬೆರಳಿಟ್ಟರೆ ಫೋನ್ ತೆರೆಯುವುದಿಲ್ಲ. ಆಗ ಸುಮ್ನೆ ಫೋನನ್ನು ಬೈಯುತ್ತಾರೆ. ತೊಂದರೆ ಸಾಮಾನ್ಯವಾಗಿ ಗ್ಲಾಸಿಗೂ ಪರದೆಗೂ ನಡುವೆ ಉಳಿದ ಗಾಳಿಯದು.

ಪರದೆಯ ಕೆಳಗೆ ಇರುವ ಸೆನ್ಸರ್ ಎರಡು ಬಗೆ. ಒಂದು, ಪರದೆಯ ಬೆಳಕಿನಲ್ಲೇ ಬೆರಳಿನ ಫೋಟೊ ತೆಗೆಯುತ್ತದೆ. ಅದು ತೆಳು ಗ್ಲಾಸಿನ ಜೊತೆ ಹೇಗೋ ಹೊಂದಿಕೊಳ್ಳುತ್ತದೆ. ಇನ್ನೊಂದು ಅಲ್ಟ್ರಾಸಾನಿಕ್. ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆ ಕಳಿಸಿ, ಬೆರಳಿನ ಗೆರೆಗಳಿಗೆ ತಾಗಿ ವಾಪಸ್ ಬಂದದ್ದನ್ನು ಓದುತ್ತದೆ. ಆ ಅಲೆ ಗಾಜನ್ನೂ ಅಂಟನ್ನೂ ದಾಟುತ್ತದೆ, ಗಾಳಿ ಸಿಕ್ಕರೆ ಅಲ್ಲಿಂದಲೇ ತಿರುಗಿಬಿಡುತ್ತದೆ.

ಇದರಿಂದ ಏನಾಗಬಹುದು ಅಂತ 2019ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಬ್ರಿಟನ್ನಿನ ಒಬ್ಬ ಮಹಿಳೆ ತಮ್ಮ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10ಗೆ ಪರದೆಯನ್ನೂ ಮುಚ್ಚುವ ಅಗ್ಗದ ಸಿಲಿಕೋನ್ ಕವರ್ ಹಾಕಿದರು. ಬೆರಳಚ್ಚು ದಾಖಲಿಸದೇ ಇದ್ದ ಅವರದೇ ಇನ್ನೊಂದು ಹೆಬ್ಬೆರಳಿಗೂ ಫೋನ್ ತೆರೆಯಿತು. ಗಂಡನನ್ನು ಕರೆದು ಒತ್ತಿಸಿದರೆ, ಅವರಿಗೂ ತೆರೆಯಿತು! ಕವರಿನ ಒಳಮೈಯಲ್ಲಿದ್ದ ಉಬ್ಬುತಗ್ಗಿನ ವಿನ್ಯಾಸವನ್ನೇ ಸೆನ್ಸರ್ ಬೆರಳಿನ ಗೆರೆ ಅಂದುಕೊಳ್ಳುತ್ತಿತ್ತು. ಅಂದಮೇಲೆ ಯಾರ ಬೆರಳಾದರೇನು? ದಕ್ಷಿಣ ಕೊರಿಯಾದ ಕಾಕಾವೋ ಬ್ಯಾಂಕ್ ತನ್ನ ಗ್ರಾಹಕರಿಗೆ ಬೆರಳಚ್ಚು ಬಳಸುವುದನ್ನು ನಿಲ್ಲಿಸಿ ಎಂದಿತು. ಸ್ಯಾಮ್‌ಸಂಗ್ ಕೊನೆಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. ಕವರ್ ತೆಗೆದು, ಹಳೆಯ ಬೆರಳಚ್ಚುಗಳನ್ನೆಲ್ಲ ಅಳಿಸಿ, ಹೊಸದಾಗಿ ದಾಖಲಿಸಿ ಅಂತಲೂ ಹೇಳಿತು.

ಅಲ್ಟ್ರಾಸಾನಿಕ್ ಸೆನ್ಸರ್ ಇದ್ದರೆ ಅಂಚಿಗೆ ಮಾತ್ರ ಅಂಟು ಇರುವ ಗ್ಲಾಸ್ ಬೇಡವೇ ಬೇಡ. ಪೂರ್ತಿ ಅಂಟಿಕೊಳ್ಳುವ ತೆಳು ಪ್ಲಾಸ್ಟಿಕ್ ಫಿಲ್ಮ್ ಸಾಕು. ಗ್ಲಾಸೇ ಬೇಕು ಅಂದರೆ, ದ್ರವ ಅಂಟು ಹಾಕಿ ಬೆಳಕಿನಲ್ಲಿ ಗಟ್ಟಿ ಮಾಡುವ ಯುವಿ ಗ್ಲಾಸ್ ಹಾಕಿಸಿ. ಅಂಟು ಸ್ಪೀಕರ್ ತೂತಿಗೆ ಇಳಿಯದಂತೆ ಅಂಗಡಿಯವರ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಗ್ಲಾಸ್ ಹಾಕಿದ ಮೇಲೆ ಹಳೆಯ ಬೆರಳಚ್ಚು ಅಳಿಸಿ ಮತ್ತೆ ದಾಖಲಿಸಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಮಾಡುವುದಿಲ್ಲ! ಟಚ್ ಮಂದವಾದರೆ ಸೆಟ್ಟಿಂಗ್ಸ್‌ನಲ್ಲಿ Touch sensitivity ಇದೆಯಾ ನೋಡಿ, ಆನ್ ಮಾಡಿ. ಸೆನ್ಸರ್ ಪಕ್ಕದ ಬಟನ್ನಿನಲ್ಲಿದ್ದರೆ ಈ ಯಾವ ತಲೆನೋವೂ ಇಲ್ಲ.

ಸಮಯ ಮುಗಿಯುತ್ತಾ ಬಂತು, ಬಿದ್ದಾಗಿನ ರಕ್ಷಣೆಯ ಮಾತು ಬೇಗ ಹೇಳಿಬಿಡುತ್ತೇನೆ. ಗ್ಲಾಸ್ ಇರುವುದು ಗೀರಿಗೆ, ಮುಖ್ಯವಾಗಿ ಜೇಬಿನಲ್ಲಿ ಸೇರುವ ಮರಳಿಗೆ. ಡಬ್ಬಿಯ ಮೇಲಿನ 9ಎಚ್ ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ, ಬೀಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗ್ಲಾಸ್ ಒಡೆಯಿತು, ಹಾಗಾಗಿ ಪರದೆ ಉಳಿಯಿತು ಅನ್ನುತ್ತೀರಿ ಅಲ್ವಾ? ಅದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೇ ದಪ್ಪ. ಪರದೆಗೆ ಏನೂ ಆಗದಂಥ ಏಟಿಗೂ ಅದು ಒಡೆಯುತ್ತದೆ. ಫೋನ್ ಜಾಸ್ತಿ ಬೀಳುವುದು ಮೂಲೆ ಮೇಲೆ, ಆ ಏಟು ತಿನ್ನುವುದು ಕವರ್. ಮೂಲೆ ದಪ್ಪಗಿರಲಿ, ಅಂಚು ಗ್ಲಾಸಿಗಿಂತ ಸ್ವಲ್ಪ ಮೇಲಿರಲಿ. ಕವರ್ ಹಾಕಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ನೋಡಿ. ಗ್ಲಾಸ್ ಮೇಜಿಗೆ ತಾಗಿದರೆ ಆ ಕವರ್ ವಾಪಸ್ ಕೊಡಿ.