ಪಕ್ಕದ ಟೇಬಲ್ಲಿನ ಅರ್ಧ ಮಾತು

ಎಲ್ಲರಿಗೂ ನಮಸ್ಕಾರ. ಕಚೇರಿಗಳಲ್ಲಿ ಸದ್ದು ಅಳೆಯುವುದು ನನ್ನ ಕಸುಬು. ಕರೆಸಿಕೊಂಡವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾರ್, ನಮ್ಮ ಫ್ಲೋರಿನಲ್ಲಿ ವಿಪರೀತ ಗಲಾಟೆ." ಮೀಟರ್ ಹಿಡಿದು ಹೋದರೆ ನಮ್ಮ ದರ್ಶಿನಿ ಹೋಟೆಲಿಗಿಂತ ಅಲ್ಲಿ ಸದ್ದು ಎಷ್ಟೋ ಕಡಿಮೆ ಇರುತ್ತದೆ. ದರ್ಶಿನಿಯಲ್ಲಿ ನಿಂತು ಪೇಪರ್ ಓದುವವರಿಗೆ ಇಲ್ಲಿ ಕೂತು ಒಂದು ಇಮೇಲ್ ಬರೆಯಲು ಯಾಕೆ ಆಗುವುದಿಲ್ಲ?

ಬೆಂಗಳೂರಿನ ಒಂದು ಕಚೇರಿಯ ಕತೆ ಹೇಳುತ್ತೇನೆ. ಅಲ್ಲಿ ಅಕೌಂಟ್ಸಿನ ಒಬ್ಬರು ಮೇಡಂ, ತಿಂಗಳ ಕೊನೆಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವವರು. ಎರಡು ಟೇಬಲ್ ಆಚೆ ಕ್ಯಾಬ್ ವ್ಯವಸ್ಥೆ ನೋಡಿಕೊಳ್ಳುವ ಹುಡುಗ, ಇಡೀ ದಿನ ಫೋನಿನಲ್ಲಿ. "ಹಲೋ, ಎಲ್ಲಿದ್ದೀರಿ?... ಅಯ್ಯೋ, ಅಲ್ಲಿಗ್ಯಾಕೆ ಹೋದ್ರಿ?... ಹಾಂ, ಅದಕ್ಕೆ ಅವರೇನಂದ್ರು?" ಮೇಡಂ ನನಗೆ ಹೇಳಿದ್ದು: "ಆ ಡ್ರೈವರ್ ಎಲ್ಲಿಗೆ ಹೋದ ಅಂತ ಗೊತ್ತಾಗೋವರೆಗೂ ನನ್ನ ಲೆಕ್ಕ ಮುಂದಕ್ಕೆ ಹೋಗಲ್ಲ ಸಾರ್."

ಅವರು ತಮಾಷೆಗೆ ಹೇಳಿದರು, ಆದರೆ ಅದು ನಿಜ. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿದ್ದಾರೆ. ಪರದೆಯ ಮೇಲೆ ಓಡುವ ಚುಕ್ಕಿಯನ್ನು ಮೌಸಿನಿಂದ ಹಿಂಬಾಲಿಸುವ ಕೆಲಸ ಕೊಟ್ಟು, ಹಿನ್ನೆಲೆಯಲ್ಲಿ ಮಾತು ಕೇಳಿಸಿದರು. ಇಬ್ಬರ ಮಾತೂ ಪೂರ್ತಿ ಕೇಳಿದಾಗ ಕೆಲಸ ಕೆಡಲಿಲ್ಲ. ಫೋನಿನ ಒಂದೇ ಕಡೆಯ ಮಾತು ಕೇಳಿದಾಗ ತಪ್ಪು ಹೆಚ್ಚಾಯಿತು. ಮುಂದೆ ಏನು ಬರುತ್ತದೆಂದು ಊಹಿಸಲಾಗದ ಅರ್ಧ ಮಾತನ್ನು ಮನಸ್ಸು ತಾನೇ ತುಂಬಿಸಲು ಹೊರಡುತ್ತದೆ. ದರ್ಶಿನಿಯಲ್ಲಿ ನೂರು ಬಾಯಿಯ ಮಾತು ಕಲಸಿಹೋಗಿ ಬರೀ ಗಿಜಿಗಿಜಿ, ತುಂಬಿಸಲು ಏನೂ ಉಳಿದಿರುವುದಿಲ್ಲ.

ಆ ಕಚೇರಿಯವರು ನನ್ನನ್ನು ಕರೆಯುವ ಮೊದಲೇ ಒಂದು ಉಪಾಯ ಮಾಡಿದ್ದರು. ಗುಂಯ್‌ಗುಡುವ ಹಳೆಯ ಎಸಿ ತೆಗೆಸಿ, ಸದ್ದಿಲ್ಲದ್ದನ್ನು ಹಾಕಿಸಿದ್ದರು. ದೂರು ಇನ್ನೂ ಹೆಚ್ಚಾಯಿತು! ಆ ಗುಂಯ್ ಅನ್ನುವುದೇ ದೂರದ ಮಾತನ್ನು ಮುಚ್ಚಿಹಾಕುತ್ತಿತ್ತು. ಮಾತು ಎಷ್ಟು ದೂರದವರೆಗೆ ಕಾಡುತ್ತದೆ ಎಂದು ಅಳೆಯಲು ಐಎಸ್‌ಒ 3382-3 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಒಂದು ಟೇಬಲ್ಲಿನವರು ಕೂರುವ ಜಾಗದಲ್ಲಿ ಸ್ಪೀಕರ್ ಇಟ್ಟು, ಸಾಲಿನುದ್ದಕ್ಕೂ ಒಂದೊಂದೇ ಟೇಬಲ್ಲಿಗೆ ಮೈಕ್ ಒಯ್ಯುತ್ತಾ, ಮಾತು ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂದು 0ಯಿಂದ 1ರವರೆಗಿನ ಅಂಕಿಯಲ್ಲಿ ಬರೆದುಕೊಳ್ಳುತ್ತೇವೆ. ಅಂಕಿ 0.50ಕ್ಕಿಂತ ಕೆಳಗಿಳಿಯುವ ಜಾಗದವರೆಗೆ ಮಾತು ಕಾಡುತ್ತದೆ ಎಂದು ಲೆಕ್ಕ. ಐದು ಮೀಟರಿನೊಳಗೆ ಇಳಿದರೆ ಒಳ್ಳೆಯ ಕಚೇರಿ. ಇಲ್ಲಿ ಆರನೆಯ ಟೇಬಲ್ ದಾಟಿದರೂ ಇಳಿಯಲಿಲ್ಲ. ಸೀಲಿಂಗಿಗೆ ಸದ್ದು ಹೀರುವ ಹಲಗೆ, ಟೇಬಲ್ಲುಗಳ ನಡುವೆ ಎತ್ತರದ ತಡೆ, ಜೊತೆಗೆ ಬೇಕೆಂದೇ ಒಂದು ಮೆಲುವಾದ ಸುಯ್ ಸದ್ದು, ಮೂರೂ ಸೇರಿದರೆ ಮಾತು ಕಾಡುವ ದೂರ ಕಡಿಮೆಯಾಗುತ್ತದೆ. ಆ ಸುಯ್ ಸುಮಾರು 45 ಡೆಸಿಬೆಲ್ ದಾಟಬಾರದು. ದಾಟಿದರೆ ಜನ ದನಿ ಏರಿಸುತ್ತಾರೆ, ಮತ್ತೆ ಅದೇ ಕತೆ.

ಇನ್ನು ಸಿಟ್ಟಿನ ವಿಷಯ. ಮ್ಯಾನೇಜರ್ ನನಗೆ ಹೇಳಿದರು, "ಮೇಡಂ ಕೆಲಸವೇನೂ ನಿಂತಿಲ್ಲ ಸಾರ್." ನಿಲ್ಲುವುದಿಲ್ಲ. 2008ರಲ್ಲಿ ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಕಂಡದ್ದೂ ಅದೇ: ನಡುನಡುವೆ ತಡೆಸಿಕೊಂಡವರು ಕೆಲಸವನ್ನು ಇನ್ನೂ ಬೇಗ ಮುಗಿಸಿದರು, ಆದರೆ ಒತ್ತಡ, ಹತಾಶೆ ಹೆಚ್ಚಾಗಿತ್ತು. ಅದರ ಬೆಲೆ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಮುಖದಲ್ಲಿ ಕಾಣುತ್ತದೆ.

ಇದಕ್ಕೂ ಹಳೆಯದೊಂದು ಪ್ರಯೋಗ ನನಗೆ ಬಲು ಇಷ್ಟ. 1970ರ ಆಸುಪಾಸಿನಲ್ಲಿ ಗ್ಲಾಸ್ ಮತ್ತು ಸಿಂಗರ್ ಎಂಬ ಮನೋವಿಜ್ಞಾನಿಗಳು ಟೈಪ್‌ರೈಟರ್, ಲೆಕ್ಕದ ಯಂತ್ರ, ಸ್ಪ್ಯಾನಿಷ್ ಮತ್ತು ಅರ್ಮೇನಿಯನ್ ಮಾತು ಎಲ್ಲ ಕಲಸಿದ ಸದ್ದನ್ನು ಜನರಿಗೆ ಜೋರಾಗಿ ಕೇಳಿಸಿದರು. ಕೆಲವರಿಗೆ ಒಂದು ಗುಂಡಿ ಕೊಟ್ಟು, "ಬೇಕಾದರೆ ನಿಲ್ಲಿಸಬಹುದು, ನಿಲ್ಲಿಸದಿದ್ದರೆ ನಮಗೆ ಅನುಕೂಲ" ಎಂಬರ್ಥದ ಮಾತು ಹೇಳಿದರು. ಅವರಲ್ಲಿ ಹೆಚ್ಚಿನವರು ಗುಂಡಿ ಒತ್ತಲೇ ಇಲ್ಲ. ಆದರೂ ಸದ್ದು ನಿಂತ ಮೇಲೆ, ಗುಂಡಿಯಿದ್ದವರು ಬಿಡಿಸಲಾಗದ ಒಗಟಿನ ಜೊತೆ ಎಷ್ಟೋ ಹೆಚ್ಚು ಹೊತ್ತು ಗುದ್ದಾಡಿದರು; ಇಲ್ಲದವರು ಬೇಗ ಕೈಚೆಲ್ಲಿದರು. ಎರಡೂ ಗುಂಪಿನವರು ಕೇಳಿದ್ದು ಅದೇ ಸದ್ದು.

ತೆರೆದ ಕಚೇರಿಯಲ್ಲಿ ಆ ಗುಂಡಿ ಪಕ್ಕದವರ ಗಂಟಲಿನಲ್ಲಿದೆ. ಮೆಲ್ಲಗೆ ಮಾತಾಡಪ್ಪಾ ಎನ್ನಲು ಸಂಕೋಚ, ಅವನು ಮಾಡುತ್ತಿರುವುದೂ ಕೆಲಸವೇ. ನುಂಗಿಕೊಂಡಿದ್ದು ಬೇರೆ ದಾರಿ ಹುಡುಕುತ್ತದೆ. ನಾನು ಹೋಗುವ ಹೊತ್ತಿಗೆ ಮೇಡಮ್ಮಿಗೆ ಆ ಹುಡುಗ ಊಟದ ಡಬ್ಬಿಗೆ ಚಮಚ ತಾಗಿಸುವ ಸದ್ದನ್ನೂ ಸಹಿಸಲು ಆಗುತ್ತಿರಲಿಲ್ಲ. "ಬೇಕಂತಲೇ ಮಾಡ್ತಾನೆ" ಎಂದಿದ್ದರು.

ಹಲಗೆ, ತಡೆಗಳ ದುಡ್ಡು ಮಂಜೂರಾಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಒಂದು ಸಣ್ಣ ಏರ್ಪಾಡು ಮಾಡಿಸಿದೆ. ತಿಂಗಳ ಕೊನೆಯ ಮೂರು ದಿನ ಮೇಡಂ ಕೈ ಎತ್ತಿದರೆ, ಹುಡುಗ ಫೋನ್ ಹಿಡಿದು ಮೆಟ್ಟಿಲ ಬಳಿ ಹೋಗಬೇಕು. ಆಮೇಲೆ ವಿಚಾರಿಸಿದಾಗ ಅವರು ಕೈ ಎತ್ತಿದ್ದು ಎರಡೇ ಸಲ. "ಚಮಚದ ಸದ್ದು?" ಎಂದೆ. "ಯಾವ ಚಮಚ ಸಾರ್?" ಎಂದರು.